ಒಂದೇ ಅಂತರ ಎಣಿಸಿ ಇಸಿಜಿ ಓದುವವರಿಗೆ

ನಮ್ಮ ನಿಗಾ ಘಟಕಕ್ಕೆ ತರಬೇತಿಗೆಂದು ಬರುವ ನರ್ಸಿಂಗ್ ವಿದ್ಯಾರ್ಥಿಗಳಿಗೆ ಇಸಿಜಿ ಪಟ್ಟಿ ಕೊಟ್ಟರೆ, ಬಹಳಷ್ಟು ಮಂದಿ ಅಕ್ಕಪಕ್ಕದ ಎರಡು ಆರ್ ಮೊನೆಗಳ ನಡುವಿನ ದೊಡ್ಡ ಚೌಕಗಳನ್ನು ಎಣಿಸಿ, 300ನ್ನು ಅದರಿಂದ ಭಾಗಿಸಿ, ಬಂದ ಸಂಖ್ಯೆಯನ್ನು ಚಾರ್ಟಿಗೆ ಬರೆದು ಕೈತೊಳೆದುಕೊಳ್ಳುತ್ತಾರೆ. ಎಷ್ಟು ವರ್ಷ ಹೇಳಿದರೂ ಈ ಅಭ್ಯಾಸ ಹೋಗಿಲ್ಲ.

ಸಹಜ ಪಟ್ಟಿಗೆ ಈ ಲೆಕ್ಕ ಸಲ್ಲುತ್ತದೆ. ಅಲ್ಲಿ ಪ್ರತಿ ಕ್ಯುಆರ್‌ಎಸ್‌ಗೂ ಮೊದಲು ಒಂದು ಪಿ ಅಲೆ ಇರುತ್ತದೆ. ಪಿ ಆರಂಭದಿಂದ ಕ್ಯುಆರ್‌ಎಸ್ ಆರಂಭದವರೆಗೆ ಮೂರರಿಂದ ಐದು ಸಣ್ಣ ಚೌಕಗಳಿದ್ದು, ಕ್ಯುಆರ್‌ಎಸ್ ಮೂರು ಸಣ್ಣ ಚೌಕಗಳಿಗಿಂತ ಕಿರಿದಾಗಿರುತ್ತದೆ. ಕಾಗದದ ಅಂಚಿನ ಮೇಲೆ ಎರಡು ಮೊನೆಗಳನ್ನು ಪೆನ್ಸಿಲಿನಿಂದ ಗುರುತಿಸಿ ಮುಂದಕ್ಕೆ ಸರಿಸುತ್ತ ಹೋದರೆ, ಉಳಿದ ಮೊನೆಗಳೂ ಹೆಚ್ಚುಕಡಿಮೆ ಅದೇ ಗುರುತಿಗೆ ಬಂದು ಕೂರುತ್ತವೆ.

ಕಳೆದ ತಂಡದ ಹುಡುಗಿಯೊಬ್ಬಳು ವೃದ್ಧೆಯೊಬ್ಬರ ಬಡಿತ 75 ಎಂದು ಬರೆದಿದ್ದಳು. ಅವಳು ಎಣಿಸಿದ ಅಂತರದಲ್ಲಿ ನಾಲ್ಕು ದೊಡ್ಡ ಚೌಕಗಳಿದ್ದದ್ದು ನಿಜ, ಆದರೆ ಅದರ ಪಕ್ಕದ ಅಂತರದಲ್ಲಿ ಎರಡೇ ಇದ್ದವು. ಅಲ್ಲಿಂದ ಎಣಿಸಿದ್ದರೆ 150 ಬರುತ್ತಿತ್ತು. ಕಾಗದ ಸರಿಸಿದಾಗ ಯಾವ ಮೊನೆಯೂ ಗುರುತಿಗೆ ಸಿಗಲಿಲ್ಲ, ಪಿ ಅಲೆಯ ಜಾಗದಲ್ಲಿ ಬರೀ ನಡುಗುವ ಗೆರೆಯಿತ್ತು. ಇದು ಏಟ್ರಿಯಲ್ ಫಿಬ್ರಿಲೇಷನ್. ಹೃತ್ಕರ್ಣಗಳು ಒಟ್ಟಾಗಿ ಸಂಕುಚಿಸದೆ ಅದುರುತ್ತಿರುತ್ತವೆ, ಅಲ್ಲಿಂದ ಹೊರಟ ಅಸಂಖ್ಯ ಸಂಕೇತಗಳಲ್ಲಿ ಕೆಲವು ಮಾತ್ರ ಎವಿ ನೋಡ್ ದಾಟಿ, ಕ್ರಮವಿಲ್ಲದೆ ಕೆಳಗಿಳಿಯುತ್ತವೆ. ಇಂಥ ಪಟ್ಟಿಯಲ್ಲಿ 30 ದೊಡ್ಡ ಚೌಕಗಳನ್ನು, ಎಂದರೆ ವಾಡಿಕೆಯಂತೆ ಸೆಕೆಂಡಿಗೆ 25 ಮಿ.ಮೀ. ವೇಗದಲ್ಲಿ ಆರು ಸೆಕೆಂಡುಗಳನ್ನು, ಅಳೆದು ಅದರೊಳಗಿನ ಕ್ಯುಆರ್‌ಎಸ್‌ಗಳನ್ನು ಹತ್ತರಿಂದ ಗುಣಿಸಬೇಕು. ಆಕೆಯ ಪಟ್ಟಿಯಲ್ಲಿ ಹನ್ನೊಂದಿದ್ದವು, ಅಂದರೆ ಸುಮಾರು 110. ಅದೇ ಹೊತ್ತಿಗೆ ಮಣಿಕಟ್ಟಿನ ನಾಡಿಯನ್ನು ಪೂರ್ತಿ ಒಂದು ನಿಮಿಷ ಎಣಿಸಿದಾಗ ಸಿಕ್ಕಿದ್ದು 88. ತುಂಬುವ ಮೊದಲೇ ಹಿಂಡಿಕೊಂಡ ಬಡಿತಗಳ ರಕ್ತ ಮಣಿಕಟ್ಟಿನವರೆಗೆ ಮುಟ್ಟುವುದಿಲ್ಲ. ಆದ್ದರಿಂದ ಸ್ಟೆತಾಸ್ಕೋಪ್ ಎದೆಯ ಮೇಲಿಟ್ಟು ಎಣಿಸಿದ ಸಂಖ್ಯೆಯನ್ನೂ ನಾಡಿಯ ಸಂಖ್ಯೆಯನ್ನೂ ಬೇರೆಬೇರೆಯಾಗಿ ಬರೆಯಿರಿ.

ವೆಂಟ್ರಿಕ್ಯುಲರ್ ಟ್ಯಾಕಿಕಾರ್ಡಿಯಾದಲ್ಲಿ ಸಂಕೇತ ಹೃತ್ಕುಕ್ಷಿಯಲ್ಲೇ ಹುಟ್ಟುವುದರಿಂದ ಕ್ಯುಆರ್‌ಎಸ್ ಮೂರು ಸಣ್ಣ ಚೌಕ ಅಥವಾ ಅದಕ್ಕಿಂತ ಅಗಲವಾಗಿ, ನಿಮಿಷಕ್ಕೆ ನೂರಕ್ಕೂ ಹೆಚ್ಚು ವೇಗದಲ್ಲಿ, ಸಾಮಾನ್ಯವಾಗಿ ಸಮಾನ ಅಂತರದಲ್ಲಿ ಸಾಲುಗಟ್ಟುತ್ತದೆ. ಇಲ್ಲಿ ಮೊದಲು ಎಣಿಸಬೇಡಿ, ರೋಗಿಯನ್ನು ಕರೆದು ಕುತ್ತಿಗೆಯ ನಾಡಿ ಮುಟ್ಟಿ. ನಾಡಿ ಇಲ್ಲದಿದ್ದರೆ ಸಹಾಯಕ್ಕೆ ಕೂಗಿ ಎದೆ ಒತ್ತಲು ಆರಂಭಿಸಿ, ಡಿಫಿಬ್ರಿಲೇಟರ್ ತರಿಸಿ. ನಾಡಿಯಿದ್ದರೆ ರಕ್ತದೊತ್ತಡ ನೋಡುತ್ತ ವೈದ್ಯರನ್ನು ಕರೆಸಿ. ರೋಗಿ ಮಾತನಾಡುತ್ತಿದ್ದಾರೆ ಎಂದ ಮಾತ್ರಕ್ಕೆ ಇದು ವಿಟಿ ಅಲ್ಲವೆಂದು ತಳ್ಳಿಹಾಕುವಂತಿಲ್ಲ.

ಆದರೆ ಮಾನಿಟರಿನ ವಿಟಿ ಅಲಾರಂ ಕೇಳಿ ಓಡಿದಾಗ ಒಮ್ಮೆ ಯಜಮಾನರೊಬ್ಬರು ಹಾಸಿಗೆಯಲ್ಲಿ ಕೂತು ಹಲ್ಲುಜ್ಜುತ್ತಿದ್ದರು. ನಾಡಿ ನೋಡಿ, ಪಟ್ಟಿಯನ್ನು ಮುದ್ರಿಸಿ ಕಾಗದ ಸರಿಸಿದೆವು: ಆ ಅಗಲವಾದ ಅಲೆಗಳ ನಡುವೆಯೇ ಕಿರಿದಾದ ಮೊನೆಗಳು ಹಳೆಯ ಅಂತರ ಬಿಡದೆ ಮೂಡಿದ್ದವು. ಅದು ವಿಟಿಯಲ್ಲ, ಹಲ್ಲುಜ್ಜುವ ಕೈಯ ಅಲುಗಾಟ ಪಟ್ಟಿಯಲ್ಲಿ ಮೂಡಿಸಿದ ಅಲೆಗಳು.