ರಿಮೋಟ್‌ನಿಂದ ಆರಿಸಿದ ಸೆಟ್‌ಟಾಪ್ ಬಾಕ್ಸ್ ವರ್ಷಕ್ಕೆ ಎಷ್ಟು ಕರೆಂಟ್ ಎಳೆಯುತ್ತದೆ?

ಪ್ರಶ್ನೆ: ಮೊಬೈಲ್ ಚಾರ್ಜರ್‌ಗಳು ಸದಾ ಪ್ಲಗ್‌ನಲ್ಲೇ ಇರುತ್ತವೆ. ಸೆಟ್‌ಟಾಪ್ ಬಾಕ್ಸ್‌ನ ಕೆಂಪು ದೀಪ ರಾತ್ರಿಯಿಡೀ ಉರಿಯುತ್ತದೆ. ಇವುಗಳಿಂದ ವರ್ಷಕ್ಕೆ ಎಷ್ಟು ಖರ್ಚು? ಗೃಹಜ್ಯೋತಿ ಇರುವಾಗ ತಲೆ ಕೆಡಿಸಿಕೊಳ್ಳಬೇಕೆ?
– ಓದುಗರೊಬ್ಬರು, ವಿನೋಬನಗರ, ದಾವಣಗೆರೆ

ಉತ್ತರ: ಚಾರ್ಜರ್ ವಿಷಯ ಬಿಟ್ಟುಬಿಡಿ. ಫೋನ್ ಜೋಡಿಸದ ಈಗಿನ ಒಳ್ಳೆಯ ಚಾರ್ಜರ್ 0.1 ವ್ಯಾಟ್ ಆಸುಪಾಸಿನಲ್ಲಿ ಎಳೆಯುತ್ತದೆ. ವರ್ಷವಿಡೀ ಹಾಗೇ ಇದ್ದರೂ ಒಂದು ಯೂನಿಟ್ ಆಗುವುದಿಲ್ಲ. ಅದರ ಸ್ವಿಚ್ ಆರಿಸಿಲ್ಲವೆಂದು ಮಕ್ಕಳನ್ನು ಗದರುವ ಅಗತ್ಯವಿಲ್ಲ.

ನಿಜವಾದ ಹೊಟ್ಟೆಬಾಕ ಸೆಟ್‌ಟಾಪ್ ಬಾಕ್ಸ್. ರಿಮೋಟ್ ಒತ್ತಿದಾಗ ಅದು ಟಿ.ವಿ.ಗೆ ಚಿತ್ರ ಕಳುಹಿಸುವುದನ್ನು ನಿಲ್ಲಿಸುತ್ತದೆ, ಅಷ್ಟೇ. ಹೆಚ್ಚಿನ ಬಾಕ್ಸ್‌ಗಳಲ್ಲಿ ಒಳಗಿನ ಟ್ಯೂನರ್, ಚಿಪ್‌ಗಳು ಕೆಲಸ ಮಾಡುತ್ತಲೇ ಇರುತ್ತವೆ. ಡಿಶ್ ಇದ್ದರೆ ಮಹಡಿಯ ಮೇಲೆ ಅದರ ಮುಂದೆ ಕೂತು ಸಿಗ್ನಲ್ ಹಿಡಿಯುವ ಎಲ್‌ಎನ್‌ಬಿಗೂ ವಿದ್ಯುತ್ ಹೋಗುತ್ತಿರಬಹುದು. ಬೆಳಿಗ್ಗೆ ಬಾಕ್ಸ್‌ನ ಮೇಲೆ ಕೈಯಿಟ್ಟು ನೋಡಿ. ಬೆಚ್ಚಗಿದ್ದರೆ ಅದು ಮಲಗಿಲ್ಲವೆಂದೇ ಅರ್ಥ.

ನಿಮ್ಮ ಬಾಕ್ಸ್ ಎಷ್ಟು ಎಳೆಯುತ್ತದೆಂದು ಮೀಟರ್‌ನಿಂದಲೇ ತಿಳಿಯಬಹುದು. ಫ್ರಿಜ್ ಸೇರಿ ಮನೆಯ ಉಳಿದೆಲ್ಲವನ್ನೂ ಆರಿಸಿ, ಬಾಕ್ಸ್ ಒಂದನ್ನೇ ಸ್ಟ್ಯಾಂಡ್‌ಬೈನಲ್ಲಿ ಬಿಡಿ. ಮೀಟರ್‌ನ ಮೇಲೆ 3200 imp/kWh ಎಂದಿದ್ದರೆ, ಕೆಂಪು ದೀಪ 3200 ಬಾರಿ ಮಿನುಗಿದಾಗ ಒಂದು ಯೂನಿಟ್. ಎರಡು ಮಿನುಗುಗಳ ನಡುವಿನ ಸೆಕೆಂಡುಗಳಿಂದ 1125ನ್ನು ಭಾಗಿಸಿದರೆ ವ್ಯಾಟ್ ಸಿಗುತ್ತದೆ. 125 ಸೆಕೆಂಡು ಹಿಡಿದರೆ 9 ವ್ಯಾಟ್. ಚಾರ್ಜರ್ ಒಂದನ್ನೇ ಇಟ್ಟು ಹೀಗೆ ಅಳೆಯಲು ಹೋಗಬೇಡಿ. ಅಷ್ಟು ಸಣ್ಣ ಲೋಡ್‌ಗೆ ಮೀಟರ್ ಮಿನುಗದೆಯೇ ಇರಬಹುದು.

ದಿನಕ್ಕೆ ಐದು ಗಂಟೆ ಟಿ.ವಿ. ನೋಡುವ ಮನೆಯಲ್ಲಿ ಈ 9 ವ್ಯಾಟ್‌ನ ಬಾಕ್ಸ್ 19 ಗಂಟೆ ಸುಮ್ಮನೆ ಕೂತಿರುತ್ತದೆ. ವರ್ಷಕ್ಕೆ ಸುಮಾರು 62 ಯೂನಿಟ್. ತೆರಿಗೆ, ಸರ್‌ಚಾರ್ಜ್ ಸೇರಿಸಿ ಯೂನಿಟ್‌ಗೆ 7 ರೂ. ಎಂದು ಹಿಡಿದರೆ ಸುಮಾರು 435 ರೂ. ಅದೇ ದರದಲ್ಲಿ ಚಾರ್ಜರ್‌ನ ಬಾಬ್ತು 6 ರೂ.

ಇನ್ನು ಗೃಹಜ್ಯೋತಿ. ನಿಮಗೆ ಮಂಜೂರಾದ ಯೂನಿಟ್‌ಗಳೊಳಗೇ ಬಳಕೆ ಇದ್ದರೆ ಬಿಲ್ ಹೇಗೂ ಶೂನ್ಯ, ಬಾಕ್ಸ್ ಆರಿಸಿದರೆ ಜೇಬಿಗೆ ಏನೂ ಉಳಿಯದು. ಮಿತಿ ದಾಟಿದವರಿಗೆ ಮಾತ್ರ ತಿಂಗಳ ಆ ಐದು ಯೂನಿಟ್ ಲೆಕ್ಕಕ್ಕೆ ಬರುತ್ತದೆ. 200ರ ಅಂಚಿನಲ್ಲಿರುವವರಿಗಂತೂ ಇದು ದೊಡ್ಡ ವಿಷಯ. ಬಿರು ಬೇಸಿಗೆಯಲ್ಲಿ ಫ್ಯಾನು, ಕೂಲರ್ ಓಡಿ ಬಳಕೆ 203ಕ್ಕೆ ಮುಟ್ಟಿದರೆ ಪೂರ್ತಿ ಬಿಲ್ ಕಟ್ಟಬೇಕು, ಅಂದರೆ 1,400 ರೂ.ಗಳಷ್ಟು. ಬಾಕ್ಸ್‌ನ ಐದು ಯೂನಿಟ್ ಕಳೆದು 198 ಆಗಿದ್ದರೆ, ಮಂಜೂರಾತಿ 190 ಇರುವವರು ಎಂಟು ಯೂನಿಟ್‌ಗೆ ಕೊಟ್ಟರೆ ಸಾಕಿತ್ತು.

ಹಾಗಾಗಿ ಮಲಗುವ ಮುನ್ನ ಮಾತ್ರವಲ್ಲ, ಹಗಲಲ್ಲೂ ಟಿ.ವಿ. ನೋಡದಿರುವಾಗ ಗೋಡೆಯ ಸ್ವಿಚ್ ಆರಿಸಿ. ಮತ್ತೆ ಹಾಕಿದಾಗ ಬಾಕ್ಸ್ ಎದ್ದೇಳಲು ಒಂದೆರಡು ನಿಮಿಷ ಬೇಕಾದೀತು. ಹಲವು ದಿನ ಆರಿಸಿಟ್ಟು ಊರಿಗೆ ಹೋಗಿಬಂದರೆ ಹಣ ಕಟ್ಟಿದ ಚಾನೆಲ್‌ಗಳು ಮರಳಲು ಇನ್ನೂ ಸ್ವಲ್ಪ ಹೊತ್ತು ಹಿಡಿಯಬಹುದು. ರಾತ್ರಿ ಕಾರ್ಯಕ್ರಮ ರೆಕಾರ್ಡ್ ಮಾಡಲು ಇಟ್ಟಿದ್ದರೆ ಮಾತ್ರ ಆ ದಿನ ಸ್ವಿಚ್ ಮುಟ್ಟಬೇಡಿ.