ಅತ್ತೆಯ ಅರವತ್ತಕ್ಕೆ ನಾಲ್ಕು ಸಾಲು: ಒಂದು ಉಡುಗೊರೆ ಚೀಟಿಯನ್ನು ತಿದ್ದಿದ ಟಿಪ್ಪಣಿ

ನಮ್ಮ ಅತ್ತೆಗೆ ಅರವತ್ತು ತುಂಬಿದಾಗ ಸೀರೆಯ ಜೊತೆ ಇಡಲು ಒಂದು ಚೀಟಿ ಬರೆಯಲು ಕೂತೆ. ಅಂಗೈ ಅಗಲದ ಕಾರ್ಡು. ಮೊದಲ ಏಟಿಗೆ ಕೈಯಿಂದ ಬಂದದ್ದು ಇದು:

"ಪೂಜ್ಯ ಅತ್ತೆಯವರಿಗೆ, ತಮ್ಮ ಅರವತ್ತನೇ ಜನ್ಮದಿನದ ಈ ಶುಭ ಸಂದರ್ಭದಲ್ಲಿ ಹೃತ್ಪೂರ್ವಕ ಶುಭಾಶಯಗಳನ್ನು ಕೋರುತ್ತಾ, ಭಗವಂತನು ತಮಗೆ ಆಯುರಾರೋಗ್ಯವನ್ನು ಕರುಣಿಸಲೆಂದು ಪ್ರಾರ್ಥಿಸುತ್ತೇವೆ."

ವ್ಯಾಕರಣದಲ್ಲಿ ತಪ್ಪಿಲ್ಲ. ಆದರೆ ಇದನ್ನು ಯಾರ ಅತ್ತೆಗಾದರೂ ಕೊಡಬಹುದು, ಸಂಘದ ಅಧ್ಯಕ್ಷರಿಗೂ ಕೊಡಬಹುದು. ಇದನ್ನು ಹೇಗೆ ತಿದ್ದಿದೆ ಎನ್ನುವುದೇ ಈ ಟಿಪ್ಪಣಿ.

ಮೊದಲು ಕರೆಯುವ ಮಾತು. 'ಅತ್ತೆಯವರಿಗೆ' ಎನ್ನುವುದು ಲಕೋಟೆಯ ಮೇಲೆ ಚೆನ್ನಾಗಿರುತ್ತದೆ, ಏಕೆಂದರೆ ಅಲ್ಲಿ ನಾವು ಅವರ ಬಗ್ಗೆ ಹೇಳುತ್ತಿದ್ದೇವೆ. ಒಳಗೆ ನಾವು ಅವರ ಜೊತೆಯಲ್ಲೇ ಮಾತಾಡುತ್ತಿರುತ್ತೇವೆ. ಅಲ್ಲಿಗೆ 'ಪ್ರೀತಿಯ ಅತ್ತೆ,' ಸಾಕು. ಮನೆಯಲ್ಲಿ 'ಅಮ್ಮ' ಎಂದು ಕರೆಯುವವರು 'ಅಮ್ಮ' ಎಂದೇ ಬರೆಯಬೇಕು. ಉತ್ತರ ಕರ್ನಾಟಕದ ಮನೆಯಲ್ಲಿ 'ಅತ್ತಿ' ಎನ್ನುವ ಸೊಸೆ ಚೀಟಿಯಲ್ಲಿ ಅದನ್ನು 'ಅತ್ತೆ' ಎಂದು ತಿದ್ದಬೇಕಾಗಿಲ್ಲ. ದಿನಾ ಕೇಳುವ ಕರೆ ಚೀಟಿಯಲ್ಲಿ ಬದಲಾದರೆ ಓದುವವರಿಗೆ ಯಾರೋ ಬೇರೆಯವರು ಬರೆದುಕೊಟ್ಟಂತೆ ಕಾಣುತ್ತದೆ.

'ತಮ್ಮ', 'ತಮಗೆ' ಎರಡನ್ನೂ ತೆಗೆದೆ. ಗೌರವಕ್ಕೆ 'ನೀವು' ಒಂದೇ ಸಾಕು. 'ತಾವು' ಬಂದ ಕೂಡಲೇ ಮಾತಿಗೆ ಸಭೆಯ ಧಾಟಿ ಬಂದುಬಿಡುತ್ತದೆ. ಆದರೆ ಆಪ್ತತೆ ಬೇಕೆಂದು 'ನೀನು' ಎನ್ನುವುದು, ಎದುರಿಗೆ ಹಾಗೆ ಕರೆಯುವ ರೂಢಿ ಇದ್ದವರಿಗಷ್ಟೇ ಒಪ್ಪುತ್ತದೆ.

ಇನ್ನು ವಯಸ್ಸಿನ ಮಾತು. 'ಅರವತ್ತು ನಡೆಯುತ್ತಿದೆ' ಎಂದರೆ ಐವತ್ತೊಂಬತ್ತು ಮುಗಿದು ಅರವತ್ತನೇ ವರ್ಷ ಸಾಗುತ್ತಿದೆ ಎಂದರ್ಥ. 'ಅರವತ್ತು ತುಂಬಿತು' ಎಂದರೆ ಪೂರ್ತಿ ಅರವತ್ತು ವರ್ಷ ಆಯಿತು. ನಮಗೆ ಬೇಕಾದದ್ದು ಎರಡನೆಯದು. 'ತುಂಬು' ನನಗೆ ಬಹಳ ಇಷ್ಟವಾದ ಕ್ರಿಯಾಪದ. 'ಅರವತ್ತು ವರ್ಷ ಕಳೆಯಿತು' ಎಂದರೆ ಏನೋ ಕೈಬಿಟ್ಟು ಹೋದ ಹಾಗೆ, 'ತುಂಬಿತು' ಎಂದರೆ ಕೊಡ ತುಂಬಿದ ಹಾಗೆ. ಪಂಚಾಂಗದ ಅರವತ್ತು ಸಂವತ್ಸರಗಳ ಸುತ್ತು ಕೂಡ ಆಗಲೇ ಮುಗಿಯುವುದು. 1965ರ ಯುಗಾದಿಗೆ ಶುರುವಾದ ವಿಶ್ವಾವಸು 2025ರ ಯುಗಾದಿಗೆ ಮತ್ತೆ ಬಂತು. ಪಂಚಾಂಗ ನೋಡುವ ಅತ್ತೆಯಾದರೆ 'ನೀವು ಹುಟ್ಟಿದ ಸಂವತ್ಸರವೇ ನಿಮ್ಮನ್ನು ನೋಡಲು ತಿರುಗಿ ಬಂದಿದೆ' ಎಂದು ಒಂದು ಸಾಲು ಸೇರಿಸಬಹುದು. ಆದರೆ ಹೆಸರು ಬದಲಾಗುವುದು ಯುಗಾದಿಗೆ, ಜನವರಿ ಒಂದಕ್ಕಲ್ಲ. ಫೆಬ್ರವರಿಯಲ್ಲಿ ಹುಟ್ಟಿದವರಿಗೆ ಹಿಂದಿನ ಸಂವತ್ಸರದ ಹೆಸರು ಬರುತ್ತದೆ. ಅದನ್ನು ನೋಡಿಕೊಂಡೇ ಬರೆಯಿರಿ.

ಹೆಚ್ಚು ಹೊತ್ತು ಹಿಡಿದದ್ದು ನೆನಪಿನ ಸಾಲು. 'ನೀವು ತುಂಬಾ ಒಳ್ಳೆಯವರು, ಮಗಳಂತೆ ನೋಡಿಕೊಂಡಿರಿ' ಎಂದು ಬರೆದು ಹೊಡೆದು ಹಾಕಿದೆ. ಅದು ನಿಜ, ಆದರೆ ಓದಿದಾಗ ಕಣ್ಣಿಗೆ ಏನೂ ಕಾಣುವುದಿಲ್ಲ. ಮದುವೆಯಾದ ಹೊಸದರಲ್ಲಿ ನಾವೆಲ್ಲ ಒಟ್ಟಿಗೆ ಇದ್ದೆವು. ನಾನು ಕೆಲಸದಿಂದ ಬರುವುದು ರಾತ್ರಿ ಹತ್ತಾಗುತ್ತಿತ್ತು. ಅತ್ತೆ ಹೊರಗಿನ ದೀಪ ಹಾಕಿಕೊಂಡೇ ಕೂತಿರುತ್ತಿದ್ದರು. ಏನೂ ಕೇಳುತ್ತಿರಲಿಲ್ಲ. ಆ ದೀಪವನ್ನೇ ಬರೆದೆ: "ನಾನು ಎಷ್ಟು ತಡವಾಗಿ ಬಂದರೂ ಹೊರಗಿನ ದೀಪ ಆರಿಸದೆ ಕಾಯುತ್ತಿದ್ದೀರಿ."

ಇಲ್ಲೊಂದು ತಪ್ಪು ನುಸುಳಿತ್ತು. 'ಕಾಯುತ್ತಿದ್ದೀರಿ' ಎಂದರೆ ಈಗ, ಈ ಗಳಿಗೆಯಲ್ಲಿ ಕಾಯುತ್ತಿದ್ದೀರಿ ಎಂದರ್ಥ. ಆಗಿನ ಮಾತಿಗೆ 'ಕಾಯುತ್ತಿದ್ದಿರಿ' ಎಂದು ದಕಾರ ಹ್ರಸ್ವವಾಗಬೇಕು. ಒಂದು ದೀರ್ಘ ಇಡೀ ಕಾಲವನ್ನೇ ಬದಲಿಸುತ್ತದೆ. ಗುರುತಿಸಲು ಸುಲಭದ ದಾರಿ ಇದೆ: ವಾಕ್ಯವನ್ನು 'ನಾನು'ವಿಗೆ ತಿರುಗಿಸಿ ನೋಡಿ. 'ನಾನು ಕಾಯುತ್ತಿದ್ದೆ' ಬಂದರೆ 'ದ್ದಿರಿ', 'ನಾನು ಕಾಯುತ್ತಿದ್ದೇನೆ' ಬಂದರೆ 'ದ್ದೀರಿ'. ಮಾತಿನಲ್ಲಿ ಅದು 'ಕಾಯ್ತಿದ್ರಿ' ಆಗುವುದರಿಂದ ಬರೆಯುವಾಗ ಕಿವಿಯನ್ನಷ್ಟೇ ನಂಬಿದರೆ ಎಡವುತ್ತೇವೆ. ಈಗಲೂ ಅದೇ ಮನೆಯಲ್ಲಿದ್ದು ಅವರು ಈಗಲೂ ಕಾಯುತ್ತಿದ್ದರೆ 'ಕಾಯುತ್ತೀರಿ' ಎನ್ನಬೇಕು. ಇಲ್ಲದಿದ್ದರೆ ಅವರು ಕಾಯುವುದನ್ನು ಬಿಟ್ಟುಬಿಟ್ಟರು ಎಂದಂತಾಗುತ್ತದೆ.

'ಕಾಯ್ತಿದ್ರಿ' ಎಂದೇ ಬರೆಯಬಾರದೇ? ಖಂಡಿತ ಬರೆಯಬಹುದು. ಆದರೆ ಆಗ ಚೀಟಿ ಪೂರ್ತಿ ಮಾತಿನ ಕನ್ನಡದಲ್ಲೇ ಇರಬೇಕು. ಒಂದು ಸಾಲು 'ಕಾಯ್ತಿದ್ರಿ', ಮುಂದಿನದು 'ಪ್ರಾರ್ಥಿಸುತ್ತೇವೆ' ಎಂದಾದರೆ ಇಬ್ಬರು ಬರೆದಂತಿರುತ್ತದೆ. ನಾನು ಬರಹದ ರೂಪಗಳನ್ನೇ ಇಟ್ಟುಕೊಂಡು ವಾಕ್ಯಗಳನ್ನು ಚಿಕ್ಕದಾಗಿಸಿದೆ.

ಹಾರೈಕೆಯ ಸಾಲಿನಲ್ಲಿ 'ಹರಸು' ಮತ್ತು 'ಹಾರೈಸು' ಎರಡನ್ನೂ ಬೇರೆ ಮಾಡಿ ನೋಡಬೇಕು. ಹರಸುವುದು ಹಿರಿಯರು ಕಿರಿಯರನ್ನು. ಹಾರೈಸುವುದು, ಅಂದರೆ ಒಳ್ಳೆಯದಾಗಲಿ ಎಂದು ಬಯಸುವುದು, ಯಾರು ಯಾರಿಗಾದರೂ ಸಲ್ಲುತ್ತದೆ. ಅತ್ತೆಗೆ 'ನಿಮ್ಮನ್ನು ಹರಸುತ್ತೇವೆ' ಎಂದು ಬರೆದರೆ ಸಂಬಂಧ ತಲೆಕೆಳಗಾಗುತ್ತದೆ. ನಾನು ಎರಡನ್ನೂ ಬಿಟ್ಟು ನೇರವಾಗಿ 'ನಮ್ಮ ಜೊತೆಗಿರಿ' ಎಂದೆ. ಆ 'ಇರಿ'ಯಲ್ಲಿ ಹಾರೈಕೆಯೂ ಇದೆ, ಕೇಳಿಕೊಳ್ಳುವುದೂ ಇದೆ.

ಕಾಗುಣಿತದ ಮಾತು ಚುಟುಕಾಗಿ: ಅದು 'ಶುಭಾಶಯ', ಶುಭ ಮತ್ತು ಆಶಯ ಸೇರಿದ್ದು. ಹಾಗಾಗಿ 'ಶುಭಾಷಯ' ತಪ್ಪು. 'ಹುಟ್ಟುಹಬ್ಬ' ಒಂದೇ ಪದ, ನಡುವೆ ಜಾಗ ಬೇಡ.

ಉಡುಗೊರೆಯ ಬಗ್ಗೆಯೂ ಒಂದು ಸಾಲು ಇದ್ದರೆ ಚೀಟಿ ಆ ವಸ್ತುವಿಗೆ ಅಂಟಿಕೊಳ್ಳುತ್ತದೆ. ನಮ್ಮ ಅತ್ತೆ ಹೊಸ ಸೀರೆಯನ್ನೆಲ್ಲ ಬೀರುವಿನಲ್ಲಿ ಎತ್ತಿಡುವವರು. ಅದಕ್ಕೆ 'ಉಟ್ಟುಕೊಳ್ಳಿ' ಎನ್ನುವ ಬದಲು 'ಉಟ್ಟುಕೊಳ್ಳಬೇಕು' ಎಂದೆ. ಹಿರಿಯರಿಗೆ 'ಬೇಕು' ಎನ್ನಬಹುದೇ ಎಂದು ಅನುಮಾನ ಬರಬಹುದು. ಊಟಕ್ಕೆ ಕೂತವರಿಗೆ 'ಇನ್ನೊಂದು ಹಾಕಿಸಿಕೊಳ್ಳಲೇಬೇಕು' ಎನ್ನುತ್ತೇವಲ್ಲ, ಆ ಒತ್ತಾಯವೇ ಇದು. ಅಪ್ಪಣೆ ಅಲ್ಲ, ಸಲಿಗೆ.

ಕೊನೆಯಲ್ಲಿ 'ನಿಮ್ಮ ಪ್ರೀತಿಯ ಸೊಸೆ' ರೂಢಿಯಲ್ಲಿದೆ. ಆದರೆ ಮೇಲೆ 'ಪ್ರೀತಿಯ' ಒಮ್ಮೆ ಬಂದಿದ್ದರಿಂದ ಕೆಳಗೆ ಬಿಟ್ಟೆ. ಅಳಿಯ ಬರೆಯುವುದಾದರೆ 'ನಿಮ್ಮ ಅಳಿಯ'. ಇಬ್ಬರ ಪರವಾಗಿ ಬರೆಯುವುದಾದರೆ 'ನಾನು' ಇರುವಲ್ಲೆಲ್ಲ 'ನಾವು' ಆಗಬೇಕು, ಆಗ ದೀಪದ ನೆನಪು ಇಬ್ಬರದೂ ಆಗಿರಬೇಕು.

ಸೀರೆಯ ಮಡಿಕೆಯೊಳಗೆ ಇಟ್ಟದ್ದು ಇದು:

"ಪ್ರೀತಿಯ ಅತ್ತೆ,
ಅರವತ್ತು ತುಂಬಿದ ನಿಮಗೆ ಹುಟ್ಟುಹಬ್ಬದ ಶುಭಾಶಯಗಳು. ನಾನು ಎಷ್ಟು ತಡವಾಗಿ ಬಂದರೂ ಹೊರಗಿನ ದೀಪ ಆರಿಸದೆ ಕಾಯುತ್ತಿದ್ದಿರಿ. ಆ ಬೆಳಕು ಕಂಡರೆ ಸಾಕು, ಮನೆ ಬಂತು ಅನ್ನಿಸುತ್ತಿತ್ತು. ಈ ಸೀರೆಯನ್ನು ಬೀರುವಿನಲ್ಲಿ ಎತ್ತಿಡಬೇಡಿ, ಇವತ್ತೇ ಉಟ್ಟುಕೊಳ್ಳಬೇಕು. ಇನ್ನೂ ಬಹಳ ವರ್ಷ ಆರೋಗ್ಯವಾಗಿ ನಮ್ಮ ಜೊತೆಗಿರಿ.
ನಿಮ್ಮ ಸೊಸೆ"