ಪ್ಯಾಕೆಟ್ ಮೇಲಿನ ನಾಲ್ಕು ದಿನಾಂಕಗಳು: ಯಾವುದು ಏನು ಹೇಳುತ್ತದೆ?

ಆಹಾರದ ಪ್ಯಾಕೆಟ್ ತಿರುಗಿಸಿದರೆ ಅಂಚಿನಲ್ಲೋ ತಳದಲ್ಲೋ ಚುಕ್ಕಿ ಚುಕ್ಕಿ ಅಕ್ಷರದಲ್ಲಿ ಒತ್ತಿದ ಒಂದೆರಡು ಸಾಲು ಸಿಗುತ್ತದೆ. ತಯಾರಿಸಿದ ದಿನಾಂಕ, ಪ್ಯಾಕ್ ಮಾಡಿದ ದಿನಾಂಕ, ಬೆಸ್ಟ್ ಬಿಫೋರ್, ಯೂಸ್ ಬೈ. ನಾಲ್ಕೂ ಒಂದೇ ಪ್ಯಾಕೆಟ್ ಮೇಲೆ ಇರುವುದು ಕಡಿಮೆ. ಸಾಮಾನ್ಯವಾಗಿ ಎರಡು ಇರುತ್ತವೆ. ಕೊಳ್ಳುವವರಲ್ಲಿ ಹೆಚ್ಚಿನವರು ಕೇಳುವ ಪ್ರಶ್ನೆ ಮಾತ್ರ ಒಂದೇ: 'ಎಕ್ಸ್‌ಪೈರಿ ಯಾವಾಗ?' ಈ ನಾಲ್ಕರಲ್ಲಿ ಎಕ್ಸ್‌ಪೈರಿ ಎಂದು ಕರೆಯಬಹುದಾದದ್ದು ಯೂಸ್ ಬೈ ಒಂದೇ. ಉಳಿದ ಮೂರು ಬೇರೆ ಬೇರೆ ವಿಷಯ ಹೇಳುತ್ತವೆ.

ಮೊದಲೆರಡು ದಿನಾಂಕಗಳು ಆಗಿಹೋದದ್ದನ್ನು ಹೇಳುತ್ತವೆ. ಕೊನೆಯ ಎರಡು ಇನ್ನು ಎಷ್ಟು ದಿನ ಎಂದು ಹೇಳುತ್ತವೆ. ಅಂತರರಾಷ್ಟ್ರೀಯ ಆಹಾರ ಮಾನದಂಡಗಳನ್ನು ರೂಪಿಸುವ ಕೋಡೆಕ್ಸ್ ಸಂಸ್ಥೆ 2018ರಲ್ಲಿ ತನ್ನ ಲೇಬಲ್ ನಿಯಮವನ್ನು ತಿದ್ದಿದಾಗ ಈ ನಾಲ್ಕಕ್ಕೂ ಅರ್ಥ ಬರೆಯಿತು. ಆಹಾರ ಯಾವ ದಿನ ಲೇಬಲ್ ಮೇಲೆ ಹೇಳಿರುವ ಪದಾರ್ಥವಾಗಿ ಸಿದ್ಧವಾಯಿತೋ ಅದು ತಯಾರಿಸಿದ ದಿನಾಂಕ. ಕೊನೆಗೆ ನಮ್ಮ ಕೈಗೆ ಬರುವ ಡಬ್ಬಿಗೋ ಪೊಟ್ಟಣಕ್ಕೋ ಅದನ್ನು ಯಾವ ದಿನ ತುಂಬಿದರೋ ಅದು ಪ್ಯಾಕ್ ಮಾಡಿದ ದಿನಾಂಕ. ಇವೆರಡೂ ಆಹಾರದ ಬಾಳಿಕೆಯ ಸೂಚನೆ ಅಲ್ಲ ಎಂದು ಆ ನಿಯಮದಲ್ಲೇ ಬರೆದಿದೆ. ಈ ಒಂದು ಮಾತು ಎಷ್ಟು ಮುಖ್ಯ ಅನ್ನೋದು ಒಂದು ಉದಾಹರಣೆ ನೋಡಿದರೆ ಗೊತ್ತಾಗುತ್ತದೆ.

ಕೆನೆಯುಳ್ಳ ಹಾಲಿನ ಪುಡಿಯನ್ನೇ ತೆಗೆದುಕೊಳ್ಳೋಣ. ಒಂದು ಕಾರ್ಖಾನೆ ಜನವರಿ 10, 2025ರಂದು ಪುಡಿ ತಯಾರಿಸಿ 25 ಕೆಜಿ ಚೀಲಗಳಲ್ಲಿ ತುಂಬಿತು ಅಂತಿಟ್ಟುಕೊಳ್ಳಿ. ಆ ಚೀಲಗಳು ಗೋದಾಮಿನಲ್ಲಿ ಉಳಿದವು. ಬೇರೊಂದು ಕಂಪನಿ ಅವನ್ನು ಕೊಂಡು, ಮೇ 20ರಂದು ಅರ್ಧ ಕೆಜಿ ಪ್ಯಾಕೆಟ್‌ಗಳಿಗೆ ತುಂಬಿತು. ಈಗ ಪ್ಯಾಕೆಟ್ ಮೇಲೆ 'ಪ್ಯಾಕ್ ಮಾಡಿದ್ದು: 20/05/2025' ಎಂದಷ್ಟೇ ಇದ್ದರೆ, ಜೂನ್ ಮೊದಲ ವಾರ ಕೊಳ್ಳುವವರಿಗೆ ಅದು ಎರಡೇ ವಾರದ ಹೊಸ ಮಾಲು ಅನ್ನಿಸುತ್ತದೆ. ಒಳಗಿನ ಪುಡಿಗೆ ಆಗಲೇ ಸುಮಾರು ಐದು ತಿಂಗಳಾಗಿದೆ. ಲೇಬಲ್ ಸುಳ್ಳು ಹೇಳಿಲ್ಲ. ಪ್ಯಾಕ್ ಆದ ದಿನವನ್ನು ಸರಿಯಾಗಿಯೇ ಹೇಳಿದೆ. ಅದನ್ನು ತಯಾರಿಸಿದ ದಿನ ಎಂದು ಓದಿಕೊಂಡದ್ದು ನಾವು.

ಇದೇ ಲೆಕ್ಕ ಬೆಸ್ಟ್ ಬಿಫೋರ್‌ಗೂ ಅಂಟಿಕೊಳ್ಳುತ್ತದೆ. ಆ ಪುಡಿ ತಯಾರಾದ ದಿನದಿಂದ 12 ತಿಂಗಳು ಚೆನ್ನಾಗಿರುತ್ತದೆ ಎಂದು ಪರೀಕ್ಷೆಯಲ್ಲಿ ಗೊತ್ತಾಗಿದೆ ಎಂದುಕೊಳ್ಳಿ. ಸರಿಯಾಗಿ ಲೆಕ್ಕ ಹಾಕುವ ಕಂಪನಿ, ಚೀಲದಲ್ಲಿ ಕಳೆದ ನಾಲ್ಕು ತಿಂಗಳು ಹತ್ತು ದಿನವನ್ನು ಕಳೆದು, ಜನವರಿ 2026ಕ್ಕೆ ಬೆಸ್ಟ್ ಬಿಫೋರ್ ನಿಲ್ಲಿಸುತ್ತದೆ. ಯೋಚಿಸದೆ 'ಪ್ಯಾಕ್ ಮಾಡಿದ ದಿನದಿಂದ 12 ತಿಂಗಳು' ಎಂದು ಒತ್ತಿದರೆ ಗಡುವು ಮೇ 20, 2026ಕ್ಕೆ ಹೋಗುತ್ತದೆ. ಆ ಕೊನೆಯ ದಿನಕ್ಕೆ ಪುಡಿಗೆ 16 ತಿಂಗಳು ದಾಟಿರುತ್ತದೆ. ಸಾರಜನಕ ತುಂಬಿದ ಗಟ್ಟಿ ಪ್ಯಾಕೆಟ್‌ಗೆ ಹಾಕಿದರೆ ಮುಂದಿನ ಕೆಡುವಿಕೆ ನಿಧಾನವಾಗುತ್ತದೆ, ನಿಜ. ಆದರೆ ಅಷ್ಟರಲ್ಲಿ ಗಾಳಿಯ ಆಮ್ಲಜನಕ ಹಾಲಿನ ಕೊಬ್ಬಿಗೆ ಮಾಡಿದ್ದನ್ನು ಯಾವ ಪ್ಯಾಕೆಟ್ಟೂ ವಾಪಸ್ ಮಾಡಲಾರದು.

ಹಾಗಾಗಿ 'ಇಷ್ಟು ತಿಂಗಳು' ಎಂದು ಇರುವ ಕಡೆ 'ಯಾವ ದಿನದಿಂದ' ಅನ್ನೋದನ್ನು ಮೊದಲು ನೋಡಬೇಕು. ತಯಾರಿಸಿದ ದಿನದಿಂದಲೋ, ಪ್ಯಾಕ್ ಮಾಡಿದ ದಿನದಿಂದಲೋ? ತಯಾರಿಸಿದ್ದೂ ತುಂಬಿದ್ದೂ ಒಂದೇ ಕಡೆ, ಒಂದೇ ದಿನ ನಡೆಯುವ ಬಿಸ್ಕತ್ತಿನಂಥ ಪದಾರ್ಥದಲ್ಲಿ ಇದರಿಂದ ವ್ಯತ್ಯಾಸವಿಲ್ಲ. ಹಿಟ್ಟು, ಮಸಾಲೆ ಪುಡಿ, ಎಣ್ಣೆ, ಚಹಾ ಹೀಗೆ ದೊಡ್ಡ ಪ್ರಮಾಣದಲ್ಲಿ ತಯಾರಾಗಿ ಆಮೇಲೆ ಸಣ್ಣ ಪ್ಯಾಕೆಟ್‌ಗೆ ಬರಬಹುದಾದವುಗಳಲ್ಲಿ ಬಹಳ ವ್ಯತ್ಯಾಸ ಬರಬಹುದು. ಎರಡೂ ದಿನಾಂಕ ಕೊಟ್ಟಿರುವ ಪ್ಯಾಕೆಟ್ ಸಿಕ್ಕಿದರೆ ನಾನು ಅದನ್ನೇ ಆರಿಸುತ್ತೇನೆ.

ಇನ್ನು ಬೆಸ್ಟ್ ಬಿಫೋರ್. ಹೇಳಿದ ರೀತಿಯಲ್ಲಿ ಇಟ್ಟರೆ, ಪ್ಯಾಕೆಟ್ ಒಡೆಯದಿದ್ದರೆ, ಪದಾರ್ಥ ತನ್ನ ಪೂರ್ತಿ ಗುಣಮಟ್ಟ ಉಳಿಸಿಕೊಳ್ಳುವ ಕೊನೆಯ ದಿನ ಅದು. ರುಚಿ, ಪರಿಮಳ, ಗರಿಗರಿ, ಬಣ್ಣ, ಲೇಬಲ್ ಮೇಲೆ ಹೇಳಿಕೊಂಡ ವಿಟಮಿನ್ ಪ್ರಮಾಣ ಇವೆಲ್ಲ ಆ ಮಾತಿನಲ್ಲಿ ಸೇರಿವೆ. ಅದು ದಾಟಿದ ಮೇಲೂ ಆಹಾರ ತಿನ್ನಲು ಯೋಗ್ಯವಾಗಿ ಇರಬಹುದು ಎಂದು ಕೋಡೆಕ್ಸ್ ಸ್ಪಷ್ಟವಾಗಿಯೇ ಹೇಳುತ್ತದೆ.

ಈ ದಿನಾಂಕವನ್ನು ಕಂಪನಿ ಹೇಗೆ ನಿರ್ಧರಿಸುತ್ತದೆ? ಒಂದೇ ಬ್ಯಾಚಿನ ಬಹಳಷ್ಟು ಪ್ಯಾಕೆಟ್‌ಗಳನ್ನು ಗೊತ್ತಾದ ಉಷ್ಣಾಂಶ, ಗೊತ್ತಾದ ತೇವಾಂಶದಲ್ಲಿ ಇಡುತ್ತಾರೆ. ಆಗಾಗ ಒಂದೊಂದನ್ನು ತೆಗೆದು, ತರಬೇತಿ ಪಡೆದವರು ರುಚಿ ನೋಡುತ್ತಾರೆ. ಪ್ರಯೋಗಾಲಯದಲ್ಲಿ ತೇವಾಂಶ, ಆಮ್ಲಜನಕ ತಾಗಿ ಕೊಬ್ಬಿನಲ್ಲಿ ಉಂಟಾಗುವ ಪೆರಾಕ್ಸೈಡ್‌ನ ಪ್ರಮಾಣ ಇಂಥವನ್ನು ಅಳೆಯುತ್ತಾರೆ. ಬಿಸ್ಕತ್ತು ಮೆತ್ತಗಾಗುವ, ಎಣ್ಣೆಗೆ ಕಮಟು ವಾಸನೆ ಬರುವ ಹಂತ ಯಾವಾಗ ಬರುತ್ತದೋ ಅದಕ್ಕಿಂತ ಸ್ವಲ್ಪ ಮೊದಲೇ ದಿನಾಂಕ ನಿಲ್ಲಿಸುತ್ತಾರೆ. ಅಂದರೆ ಆ ದಿನ ಮಧ್ಯರಾತ್ರಿ ಪ್ಯಾಕೆಟ್‌ನೊಳಗೆ ಏನೂ ಸಂಭವಿಸುವುದಿಲ್ಲ. ಗುಣ ಮೆಲ್ಲಗೆ ಇಳಿಯುತ್ತಾ ಬರುತ್ತದೆ, ಅಷ್ಟೇ.

ಬೆಸ್ಟ್ ಬಿಫೋರ್ ದಾಟಿದ ಒಣ ಪದಾರ್ಥವನ್ನು ಸುಮ್ನೆ ಕಸಕ್ಕೆ ಹಾಕುವ ಬದಲು ತೆರೆದು ನೋಡಬಹುದು. ಕಮಟು ವಾಸನೆ, ಹುಳ, ಗಂಟುಗಟ್ಟಿರುವುದು, ಬೂಷ್ಟು, ಬಣ್ಣ ಬದಲಾಗಿರುವುದು ಇವು ಕಣ್ಣಿಗೆ ಮೂಗಿಗೆ ಸಿಗುತ್ತವೆ. ಇವೇನೂ ಇಲ್ಲದಿದ್ದರೆ ಸಾಮಾನ್ಯವಾಗಿ ಬಳಸಬಹುದು. ಡಬ್ಬಿ ಉಬ್ಬಿದ್ದರೆ, ಸೋರಿದ್ದರೆ, ಅಂಚಿನಲ್ಲಿ ಜಜ್ಜಿ ಹೋಗಿದ್ದರೆ ಮಾತ್ರ ದಿನಾಂಕ ಇನ್ನೂ ಎಷ್ಟೇ ದೂರವಿದ್ದರೂ ಅದನ್ನು ರುಚಿ ಕೂಡ ನೋಡಬಾರದು. ಒಳಗೆ ಬ್ಯಾಕ್ಟೀರಿಯಾ ಬೆಳೆದು ಅನಿಲ ಉತ್ಪತ್ತಿಯಾಗಿರಬಹುದು. ಡಬ್ಬಿ ಆಹಾರದಲ್ಲಿ ಬೊಟುಲಿಸಂ ವಿಷದ ಭಯ ಇರುವುದೇ ಇಲ್ಲಿ.

ಯೂಸ್ ಬೈ ವಿಷಯಕ್ಕೆ ಬಂದರೆ ಈ ಮೂಗಿನ ಪರೀಕ್ಷೆ ನಡೆಯುವುದಿಲ್ಲ. ಇದು ನನಗೆ ಎಲ್ಲಕ್ಕಿಂತ ಮುಖ್ಯ ಅನ್ನಿಸುವ ವ್ಯತ್ಯಾಸ. ಯೂಸ್ ಬೈ ದಾಟಿದ ಮೇಲೆ ಆ ಪದಾರ್ಥವನ್ನು ಮಾರಲೂಬಾರದು, ತಿನ್ನಲೂಬಾರದು. ಫ್ರಿಜ್‌ನಲ್ಲೇ ಇಡಬೇಕಾದ, ಬೇಗ ಕೆಡುವ ಆಹಾರದ ಮೇಲೆ ಇದು ಹೆಚ್ಚಾಗಿ ಕಾಣುತ್ತದೆ: ಬೇಯಿಸಿ ಹೋಳು ಮಾಡಿದ ಮಾಂಸ, ಮೀನು, ಮೆದು ಚೀಸ್, ಬಿಸಿ ಮಾಡದೆ ತಿನ್ನುವ ಸಿದ್ಧ ಆಹಾರ.

ಮೂಗು ಯಾಕೆ ಸೋಲುತ್ತದೆ? ಆಹಾರಕ್ಕೆ ಹುಳಿ, ನಾತ, ಲೋಳೆ ತರುವ ಸೂಕ್ಷ್ಮಜೀವಿಗಳು ಬೇರೆ, ನಮಗೆ ಕಾಯಿಲೆ ತರುವವು ಬೇರೆ. ಎರಡನೆಯ ಗುಂಪಿನವು ಕಾಯಿಲೆ ತರುವಷ್ಟು ಬೆಳೆದರೂ ಎಷ್ಟೋ ಸಲ ರುಚಿ, ವಾಸನೆ ಏನೂ ಬದಲಾಗುವುದಿಲ್ಲ. ಲಿಸ್ಟೀರಿಯಾ ಮೊನೊಸೈಟೋಜೀನ್ಸ್ ಎಂಬ ಬ್ಯಾಕ್ಟೀರಿಯಾ ಇದಕ್ಕೆ ಒಳ್ಳೆಯ ಉದಾಹರಣೆ. ಫ್ರಿಜ್‌ನ ತಂಪಿನಲ್ಲೂ ಅದು ನಿಧಾನವಾಗಿ ಬೆಳೆಯುತ್ತದೆ. ಗರ್ಭಿಣಿಯರಿಗೆ, ವಯಸ್ಸಾದವರಿಗೆ, ರೋಗನಿರೋಧಕ ಶಕ್ತಿ ಕಡಿಮೆ ಇರುವವರಿಗೆ ಇದರ ಸೋಂಕು ಪ್ರಾಣಕ್ಕೇ ಕುತ್ತು ತರಬಹುದು. ತಿಂದು ವಾರಗಳಾದ ಮೇಲೆ ಕಾಯಿಲೆ ಕಾಣಿಸಿಕೊಳ್ಳುವುದೂ ಉಂಟು. ಆಗ ಯಾವ ಊಟದಿಂದ ಬಂತೆಂದು ಯಾರಿಗೆ ನೆನಪಿರುತ್ತದೆ?

ಇದರ ಬೆಳವಣಿಗೆಯ ಲೆಕ್ಕ ನೋಡಿದರೆ ಫ್ರಿಜ್‌ನ ಉಷ್ಣಾಂಶ ಯಾಕೆ ಅಷ್ಟು ಮುಖ್ಯ ಎಂದು ಗೊತ್ತಾಗುತ್ತದೆ. ಹಾಲಿನಲ್ಲಿ ಲಿಸ್ಟೀರಿಯಾ ಎರಡು ಪಟ್ಟಾಗಲು 4 ಡಿಗ್ರಿ ಸೆಲ್ಸಿಯಸ್‌ನಲ್ಲಿ ಸುಮಾರು ಒಂದೂವರೆ ದಿನ ಬೇಕು. 8 ಡಿಗ್ರಿಯಲ್ಲಿ ಸುಮಾರು ಅರ್ಧ ದಿನ ಸಾಕು. ಈಗ ಆರು ದಿನ ಲೆಕ್ಕ ಹಾಕಿ. 4 ಡಿಗ್ರಿಯಲ್ಲಿ ನಾಲ್ಕು ಸಲ ಇಮ್ಮಡಿ, ಅಂದರೆ ಒಂದು ಹದಿನಾರಾಗುತ್ತದೆ. 8 ಡಿಗ್ರಿಯಲ್ಲಿ ಹನ್ನೆರಡು ಸಲ ಇಮ್ಮಡಿ, ಅಂದರೆ ಒಂದು ನಾಲ್ಕು ಸಾವಿರ ದಾಟುತ್ತದೆ. ಬರೀ ನಾಲ್ಕು ಡಿಗ್ರಿ ಹೆಚ್ಚಾದದ್ದಕ್ಕೆ ಇಷ್ಟು ವ್ಯತ್ಯಾಸ! ದಿನಾಂಕದ ಪಕ್ಕದಲ್ಲಿ '4 ಡಿಗ್ರಿಗಿಂತ ಕಡಿಮೆಯಲ್ಲಿ ಇಡಿ' ಎಂದಿದ್ದರೆ ಆ ದಿನಾಂಕ ಆ ಉಷ್ಣಾಂಶಕ್ಕೆ ಮಾತ್ರ ಸಲ್ಲುತ್ತದೆ. ಆಗಾಗ ಬಾಗಿಲು ತೆರೆಯುವ, ಸಾಮಾನು ಜಾಸ್ತಿ ತುಂಬಿದ ಫ್ರಿಜ್ 8 ಡಿಗ್ರಿಗೆ ಏರುವುದು ಅಪರೂಪವೇನಲ್ಲ. ಒಳಗೆ ಒಂದು ಸಣ್ಣ ಥರ್ಮಾಮೀಟರ್ ಇಟ್ಟರೆ ನಿಜ ತಿಳಿಯುತ್ತದೆ.

'ಚೆನ್ನಾಗಿ ಕುದಿಸಿದರೆ ಆಯ್ತಲ್ವಾ?' ಎಂದು ಕೇಳುವವರಿದ್ದಾರೆ. ಲಿಸ್ಟೀರಿಯಾ ಚೆನ್ನಾಗಿ ಬೇಯಿಸಿದರೆ ಸಾಯುತ್ತದೆ. ಆದರೆ ಸ್ಟೆಫೈಲೊಕಾಕಸ್‌ನಂಥ ಕೆಲವು ಬ್ಯಾಕ್ಟೀರಿಯಾಗಳು ಆಹಾರದಲ್ಲಿ ಬಿಟ್ಟುಹೋಗುವ ವಿಷ ಕುದಿಸಿದರೂ ಹೋಗುವುದಿಲ್ಲ. ಒಳಗಿರುವುದು ಯಾವುದು ಎಂದು ಮನೆಯಲ್ಲಿ ತಿಳಿಯುವ ದಾರಿಯೂ ಇಲ್ಲ. ಆದ್ದರಿಂದ ಯೂಸ್ ಬೈ ದಾಟಿದ್ದನ್ನು ಬೇಯಿಸಿ ಉಳಿಸಿಕೊಳ್ಳಲು ನೋಡಬಾರದು. ದಿನಾಂಕ ಬರುವ ಮೊದಲೇ ತಿನ್ನಲು ಆಗುವುದಿಲ್ಲ ಅನ್ನಿಸಿದರೆ, ಲೇಬಲ್ ಬೇಡ ಎನ್ನದಿದ್ದರೆ, ಫ್ರೀಜರ್‌ಗೆ ಹಾಕಬಹುದು. ಮೈನಸ್ 18 ಡಿಗ್ರಿಯಲ್ಲಿ ಬ್ಯಾಕ್ಟೀರಿಯಾ ಬೆಳೆಯುವುದು ನಿಲ್ಲುತ್ತದೆ. ಎಲ್ಲವೂ ಸಾಯುವುದಿಲ್ಲ, ಕರಗಿಸಿದೊಡನೆ ಮತ್ತೆ ಶುರು ಮಾಡುತ್ತವೆ. ಹಾಗಾಗಿ ಫ್ರಿಜ್‌ನೊಳಗೇ ಕರಗಿಸಿ ಒಂದು ದಿನದೊಳಗೆ ಮುಗಿಸಬೇಕು.

ದಿನಾಂಕ ಓದುವಾಗಲೇ ಎಡವುವ ಜಾಗ ಒಂದಿದೆ. '04/05/26' ಎಂದಿದ್ದರೆ ಕೆಲವು ದೇಶಗಳಲ್ಲಿ ಮೇ 4, ಇನ್ನು ಕೆಲವು ಕಡೆ ಏಪ್ರಿಲ್ 5. ಬೇರೆ ದೇಶದಿಂದ ಬಂದ ಪದಾರ್ಥವಾದರೆ ಎಲ್ಲಿ ತಯಾರಾಯಿತೆಂದು ನೋಡಿ ಓದಬೇಕು. ತಿಂಗಳು ಮತ್ತು ವರ್ಷ ಮಾತ್ರ ಇದ್ದರೆ ಸಾಮಾನ್ಯವಾಗಿ ಆ ತಿಂಗಳ ಕೊನೆಯ ದಿನದವರೆಗೆ ಎಂದು ಅರ್ಥ. ಮೂರು ತಿಂಗಳಿಗಿಂತ ಹೆಚ್ಚು ಬಾಳುವ ಪದಾರ್ಥಕ್ಕೆ ಹೀಗೆ ತಿಂಗಳು, ವರ್ಷ ಕೊಟ್ಟರೆ ಸಾಕು ಎಂದು ಕೋಡೆಕ್ಸ್ ಹೇಳುತ್ತದೆ. ಪಕ್ಕದಲ್ಲಿ ಇರುವ ಬ್ಯಾಚ್ ಅಥವಾ ಲಾಟ್ ಸಂಖ್ಯೆ ದಿನಾಂಕದಂತೆ ಕಂಡರೂ ದಿನಾಂಕವಲ್ಲ. ಏನಾದರೂ ತೊಂದರೆಯಾಗಿ ಕಂಪನಿ ಮಾಲು ವಾಪಸ್ ತರಿಸಿಕೊಂಡಾಗ ಅದು ಬೇಕಾಗುತ್ತದೆ.

ಮುಂದಕ್ಕೆ ನೋಡುವ ಎರಡು ದಿನಾಂಕಗಳೂ ಸೀಲ್ ಒಡೆಯುವವರೆಗೆ ಮಾತ್ರ. ಒಡೆದೊಡನೆ ಗಾಳಿ, ತೇವ, ಚಮಚದ ಜೊತೆಗೆ ಬರುವ ಸೂಕ್ಷ್ಮಜೀವಿಗಳು ಒಳಗೆ ಸೇರುತ್ತವೆ. ಅತಿ ಹೆಚ್ಚು ಶಾಖದಲ್ಲಿ ಸಂಸ್ಕರಿಸಿದ, ಕೋಣೆಯ ಉಷ್ಣಾಂಶದಲ್ಲಿ ಆರು ತಿಂಗಳು ಇರುವ ಯುಎಚ್‌ಟಿ ಹಾಲಿನ ಡಬ್ಬವನ್ನು ತೆರೆದ ಮೇಲೆ ಫ್ರಿಜ್‌ನಲ್ಲಿಟ್ಟು ಕೆಲವೇ ದಿನಗಳಲ್ಲಿ ಮುಗಿಸಬೇಕು. ಅದರ ಮೇಲೆ 'ತೆರೆದ ಮೇಲೆ 3 ದಿನದೊಳಗೆ ಬಳಸಿ' ಎಂದು ಸಣ್ಣ ಅಕ್ಷರದಲ್ಲಿ ಬರೆದಿದ್ದರೆ ಲೆಕ್ಕಕ್ಕೆ ಬರುವುದು ಆ ಮೂರು ದಿನ, ಮೇಲಿನ ದೊಡ್ಡ ದಿನಾಂಕವಲ್ಲ. ದೊಡ್ಡ ದಿನಾಂಕಕ್ಕೆ ಎರಡೇ ದಿನ ಉಳಿದಿರುವಾಗ ತೆರೆದರೆ ಎರಡು ದಿನವೇ ಗಡುವು. ಯಾವುದು ಮೊದಲು ಬರುತ್ತದೋ ಅದು. ತೆರೆದ ದಿನವನ್ನು ಡಬ್ಬದ ಮೇಲೆ ಪೆನ್ನಿನಲ್ಲಿ ಬರೆದಿಟ್ಟರೆ ನೆನಪಿಟ್ಟುಕೊಳ್ಳುವ ಕಷ್ಟವಿಲ್ಲ.